ಗುರುವಾರ ಕೊಡುತ್ತೇವೆ: ಫ್ರೆಂಚ್ ಕಚೇರಿಯಲ್ಲಿ ಮಾತು ಕೊಡುವ ಮೂರು ಬಗೆ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ತಂಡ, ಫ್ರಾನ್ಸಿನ ಲಿಯೋಂ ನಗರದಲ್ಲಿ ಅದರ ಗ್ರಾಹಕ ಕಂಪನಿ. ಹೀಗೆಂದು ಇಟ್ಟುಕೊಳ್ಳೋಣ. ಬಿಲ್ ಮಾಡುವ ತಂತ್ರಾಂಶದಲ್ಲಿ ಒಂದು ದೋಷ ಸಿಕ್ಕಿದೆ. ತಂಡದ ಮುಖ್ಯಸ್ಥೆಗೆ ಫ್ರೆಂಚ್ ಸಾಕಷ್ಟು ಬರುತ್ತದೆ. ಗ್ರಾಹಕರಿಗೆ ಅವರದೇ ಭಾಷೆಯಲ್ಲಿ ಬರೆದರೆ ಚೆನ್ನ ಎಂದುಕೊಂಡು ಆಕೆ ಒಂದು ಮೇಲ್ ಕಳಿಸುತ್ತಾಳೆ: ‘ನೂ ಲಿವ್ರೆರಿಯೊಂ ಲಾ ವೆರ್ಸ್ಯೊಂ ಕೊರಿಜೆ ಜೋದಿ.’ ಸರಿಪಡಿಸಿದ ಆವೃತ್ತಿಯನ್ನು ಗುರುವಾರ ಕೊಡುತ್ತೇವೆ ಎನ್ನುವುದು ಆಕೆಯ ಮನಸ್ಸಿನಲ್ಲಿದ್ದ ಮಾತು. ಅರ್ಧ ಗಂಟೆಯಲ್ಲಿ ಬಂದ ಉತ್ತರದಲ್ಲಿ ಧನ್ಯವಾದವಿಲ್ಲ, ಒಂದೇ ಒಂದು ಪ್ರಶ್ನೆ ಇದೆ: ‘ಆ ಕೆಲ್ ಕೊಂದಿಸ್ಯೊಂ?’ ಯಾವ ಷರತ್ತಿನ ಮೇಲೆ?

ಆಕೆ ಯಾವ ಷರತ್ತನ್ನೂ ಹಾಕಿರಲಿಲ್ಲ. ಷರತ್ತು ಹಾಕಿದ್ದು ಕ್ರಿಯಾಪದದ ಬಾಲದಲ್ಲಿದ್ದ ಒಂದು ‘ಇ’ಕಾರ.

ಫ್ರೆಂಚಿನಲ್ಲಿ ಇದೇ ವಾಕ್ಯವನ್ನು ಮೂರು ಬಗೆಯಾಗಿ ಹೇಳಬಹುದು. ‘ನೂ ಲಿವ್ರೊಂ ಜೋದಿ’ ಎಂದರೆ ವರ್ತಮಾನ, ಅಲ್ಲಿನವರ ಮಾತಿನಲ್ಲಿ ಪ್ರೆಜಾಂ. ‘ನೂ ಲಿವ್ರೆರೊಂ ಜೋದಿ’ ಎಂದರೆ ಸರಳ ಭವಿಷ್ಯತ್, ಫ್ಯುತ್ಯೂರ್ ಸ್ಯಾಂಪ್ಲ್. ‘ನೂ ಲಿವ್ರೆರಿಯೊಂ ಜೋದಿ’ ಎಂದರೆ ಕೊಂದಿಸ್ಯೊನೆಲ್. ಹೆಸರೇ ಹೇಳುವಂತೆ ಅದು ಷರತ್ತಿನ ರೂಪ. ಲಿವ್ರೊಂ, ಲಿವ್ರೆರೊಂ, ಲಿವ್ರೆರಿಯೊಂ: ಕಿವಿಗೆ ಒಂದೊಂದೇ ಉಚ್ಚಾರದ ವ್ಯತ್ಯಾಸ. ಆದರೆ ಮೊದಲೆರಡನ್ನು ಓದಿದ ಗ್ರಾಹಕ ಗುರುವಾರವನ್ನು ತನ್ನ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುತ್ತಾನೆ. ಮೂರನೆಯದನ್ನು ಓದಿದವನು ‘ಕೊಡುತ್ತಿದ್ದೆವು, ಆದರೆ...’ ಎಂದು ಓದಿಕೊಂಡು ಆ ‘ಆದರೆ’ ಎಲ್ಲಿ ಎಂದು ಹುಡುಕುತ್ತಾನೆ.

ಈ ತಪ್ಪು ಫ್ರೆಂಚ್ ಪಾಠದಿಂದ ಬಂದದ್ದಲ್ಲ, ನಮ್ಮ ಇಂಗ್ಲಿಷಿನಿಂದ ಬಂದದ್ದು. ಭಾರತದ ಕಚೇರಿಗಳಲ್ಲಿ ‘ವಿಲ್’ ಎನ್ನಬೇಕಾದ ಕಡೆ ‘ವುಡ್’ ಎನ್ನುವುದು ಎಷ್ಟೋ ಜನರಿಗೆ ರೂಢಿಯಾಗಿಬಿಟ್ಟಿದೆ. ‘ಐ ವುಡ್ ಸೆಂಡ್ ಇಟ್ ಬೈ ಥರ್ಸ್‌ಡೇ’ ಎಂದರೆ ತುಸು ವಿನಯದಿಂದ ಮಾತು ಕೊಟ್ಟಂತೆ ಎಂದು ಬರೆದವರೂ ಓದಿದವರೂ ಒಪ್ಪಿಕೊಂಡಿರುತ್ತಾರೆ. ಆ ‘ವುಡ್’ಗೆ ಫ್ರೆಂಚಿನಲ್ಲಿ ಕೊಂದಿಸ್ಯೊನೆಲ್ ಎಂದು ಪಾಠದ ಪುಸ್ತಕದಲ್ಲಿ ಕಲಿತಿರುವುದರಿಂದ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಫ್ರೆಂಚ್ ಕಲಿಯುವವರಿಗೆ ಕೊಂದಿಸ್ಯೊನೆಲ್ ಮೊದಲು ಪರಿಚಯವಾಗುವುದೇ ಸೌಜನ್ಯದ ರೂಪವಾಗಿ. ‘ಜ ವೂದ್ರೆ ಆಂ ಕಾಫೆ’, ನನಗೊಂದು ಕಾಫಿ ಬೇಕಿತ್ತು. ‘ಪೂರಿಯೆ ವೂ ಮೆದೆ?’, ತಾವು ನನಗೆ ನೆರವಾಗಬಹುದೇ? ಹೀಗೆ ಶುರುವಾದ ವಿದ್ಯಾರ್ಥಿಗೆ ಈ ರೂಪವನ್ನು ಎಲ್ಲಿ ಹಾಕಿದರೂ ಮರ್ಯಾದೆ ಹೆಚ್ಚುತ್ತದೆ ಎನ್ನಿಸುವುದು ಸಹಜ.

ಆ ಮರ್ಯಾದೆ ಕೆಲಸ ಮಾಡುವುದು ಕೇಳುವಾಗ ಮಾತ್ರ. ಕೇಳುವವನು ಕೊಂದಿಸ್ಯೊನೆಲ್ ಬಳಸಿದರೆ ಎದುರಿನವನಿಗೆ ‘ಇಲ್ಲ’ ಎನ್ನಲು ಜಾಗ ಬಿಟ್ಟಂತೆ, ಅದರಲ್ಲಿ ವಿನಯವಿದೆ. ಮಾತು ಕೊಡುವವನು ಅದನ್ನೇ ಬಳಸಿದರೆ ತಪ್ಪಿಸಿಕೊಳ್ಳಲು ತನಗೇ ಜಾಗ ಇಟ್ಟುಕೊಂಡಂತೆ. ಅದನ್ನು ಯಾರೂ ವಿನಯ ಎನ್ನುವುದಿಲ್ಲ.

ಏಕವಚನದಲ್ಲಿ ಬರೆಯುವಾಗ ಅಪಾಯ ಇನ್ನೂ ಹೆಚ್ಚು. ‘ನಾನು ಕಳಿಸುತ್ತೇನೆ’ ಎಂಬುದಕ್ಕೆ ‘ಜಾಂವೆರೆ’. ಕೊನೆಯಲ್ಲಿ ಎ-ಐ ಅಕ್ಷರಗಳಿದ್ದರೆ ಅದು ಭವಿಷ್ಯತ್, ಅದರ ಮುಂದೆ ಒಂದು ಎಸ್ ಸೇರಿದರೆ ಷರತ್ತು. ವ್ಯಾಕರಣದ ಪ್ರಕಾರ ಮೊದಲನೆಯದರ ಕೊನೆಯ ಸ್ವರ ಬಿಗಿ, ಎರಡನೆಯದರದು ಸಡಿಲ. ಆದರೆ ಫ್ರಾನ್ಸಿನಲ್ಲೇ ಅನೇಕರು ಎರಡನ್ನೂ ಒಂದೇ ಥರ ಉಚ್ಚರಿಸುತ್ತಾರೆ. ಹಾಗಾಗಿ ಈ ಎಸ್ ಅನ್ನು ಮರೆಯುವವರು, ಬೇಡದ ಕಡೆ ಸೇರಿಸುವವರು ಅಲ್ಲಿಯೂ ಬೇಕಾದಷ್ಟಿದ್ದಾರೆ. ಅವರ ಶಾಲೆಗಳಲ್ಲಿ ಹೇಳಿಕೊಡುವ ಉಪಾಯ ಹೀಗಿದೆ: ‘ನಾನು’ ತೆಗೆದು ‘ನಾವು’ ಹಾಕಿ ನೋಡು. ಬಾಯಿಗೆ ‘ಆಂವೆರೊಂ’ ಬಂದರೆ ಎಸ್ ಬೇಡ, ‘ಆಂವೆರಿಯೊಂ’ ಬಂದರೆ ಬೇಕು. ಮೇಲ್ ಕಳಿಸುವ ಗುಂಡಿ ಒತ್ತುವ ಮುಂಚೆ ಇದನ್ನು ಮಾಡಿ ನೋಡಲು ಒಂದು ಗಳಿಗೆ ಸಾಕು.

ಈ ಎರಡು ರೂಪಗಳು ಇಷ್ಟು ಹತ್ತಿರ ಇರುವುದೇಕೆ ಎಂಬುದಕ್ಕೆ ಉತ್ತರ ಲ್ಯಾಟಿನ್‌ನಲ್ಲಿದೆ. ಫ್ರೆಂಚಿನ ಸರಳ ಭವಿಷ್ಯತ್ ಹುಟ್ಟಿದ್ದು ಎರಡು ಪದಗಳು ಬೆಸೆದುಕೊಂಡು: ಮೂಲ ಕ್ರಿಯೆ ಮತ್ತು ‘ಉಂಟು’ ಎಂಬ ಅರ್ಥದ ಕ್ರಿಯಾಪದ. ‘ನನಗೆ ಹಾಡಲಿಕ್ಕೆ ಉಂಟು’ ಎಂಬಂಥ ಲ್ಯಾಟಿನ್ ಮಾತೇ ಸವೆದು ‘ಹಾಡುವೆನು’ ಆಯಿತು. ಮಂಗಳೂರಿನವರಿಗೆ ಇದನ್ನು ವಿವರಿಸುವುದೇ ಬೇಡ. ‘ನಾಳೆ ಉಡುಪಿಗೆ ಹೋಗಲಿಕ್ಕುಂಟು’ ಎನ್ನುವಾಗ ಅವರು ಅದೇ ಜೋಡಣೆಯನ್ನು ಇಂದಿಗೂ ಬಳಸುತ್ತಿದ್ದಾರೆ. ಅಂದರೆ ಫ್ರೆಂಚ್ ಭವಿಷ್ಯತ್ತಿನ ಬೇರಿನಲ್ಲೇ ‘ಮಾಡಬೇಕಾದದ್ದಿದೆ’ ಎಂಬ ಹೊಣೆಯ ಅರ್ಥ ಅಡಗಿದೆ. ಕೊಂದಿಸ್ಯೊನೆಲ್ ಹುಟ್ಟಿದ್ದೂ ಅದೇ ಬೆಸುಗೆಯಿಂದ, ಆದರೆ ಅಲ್ಲಿ ‘ಉಂಟು’ ಬದಲು ‘ಇತ್ತು’ ಸೇರಿತು. ಹಾಡಲಿಕ್ಕೆ ಇತ್ತು. ಹಾಡಿದನೋ ಇಲ್ಲವೋ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ.

ಹಾಗಾದರೆ ಮಾತು ಕೊಡುವಾಗ ಭವಿಷ್ಯತ್ ಬಳಸಿದರೆ ಮುಗಿಯಿತೇ? ಅಷ್ಟು ಸುಲಭವಲ್ಲ, ವರ್ತಮಾನವೂ ಅಲ್ಲಿ ಬಲವಾದ ಅಭ್ಯರ್ಥಿ.

ಫ್ರೆಂಚ್ ಕಚೇರಿಯಲ್ಲಿ ಒಂದು ದಿನ ಕೂತು ಕೇಳಿದರೆ ಭರವಸೆಯ ಮಾತುಗಳಲ್ಲಿ ಬಹುಪಾಲು ವರ್ತಮಾನದಲ್ಲೇ ಇರುತ್ತವೆ. ಯಾರಾದರೂ ಒಂದು ತೊಂದರೆ ಹೇಳಿಕೊಂಡರೆ ಬರುವ ಉತ್ತರ ‘ಜ ಮಾಂನೊಕ್ಯುಪ್’, ಅದನ್ನು ನಾನು ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ‘ಜ ವೂ ರಾಪೆಲ್ ದಾಂ ಸ್ಯಾಂಕ್ ಮಿನ್ಯುತ್’, ಐದು ನಿಮಿಷದಲ್ಲಿ ತಿರುಗಿ ಕರೆಮಾಡುತ್ತೇನೆ. ಇನ್ನೂ ಮೆಟ್ಟಿಲ ಮೇಲಿರುವವನೂ ಹೇಳುವುದು ‘ಜಾರೀವ್’, ಬಂದೆ. ಕನ್ನಡದವರಿಗೆ ಇದು ಸಲೀಸು, ಯಾಕೆಂದರೆ ನಮ್ಮ ‘ಮಾಡುತ್ತೇನೆ’ ಇವತ್ತಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ಫ್ರೆಂಚ್ ವರ್ತಮಾನ ಹೇಳುವುದು ಇದನ್ನು: ತೀರ್ಮಾನ ಆಗಿಹೋಗಿದೆ, ಕೆಲಸ ಆಗಲೇ ನನ್ನ ಕೈಗೆ ಬಂದಿದೆ. ಅದೇ ಮಾತನ್ನು ಭವಿಷ್ಯತ್ತಿನಲ್ಲಿ, ದಿನಾಂಕವಿಲ್ಲದೆ ಹೇಳಿದರೆ ಧ್ವನಿ ಬದಲಾಗುತ್ತದೆ. ‘ಜ ಲ ಫರೆ’, ಮಾಡುತ್ತೇನೆ ಬಿಡಿ. ಯಾವಾಗ ಎಂದು ಕೇಳಬೇಡಿ ಎಂಬುದು ಅದರ ಒಳಮಾತು. ‘ಒಂ ವೆರಾ’ ಎಂಬುದಂತೂ ಶುದ್ಧ ಸರಳ ಭವಿಷ್ಯತ್ತೇ. ಅದರ ಅರ್ಥ ‘ನೋಡೋಣ’, ಆ ‘ನೋಡೋಣ’ಕ್ಕೆ ನಮ್ಮ ಕಚೇರಿಗಳಲ್ಲಿ ಎಷ್ಟು ಬೆಲೆಯೋ ಅಲ್ಲಿಯೂ ಅಷ್ಟೇ. ನಮ್ಮ ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿಗೆ ಫ್ರಾನ್ಸಿನಲ್ಲಿ ಒಬ್ಬ ಸೋದರನಿದ್ದಾನೆ: ‘ದಮ್ಯಾಂ ಒಂ ರಾಜ್ ಗ್ರಾತಿಸ್’, ನಾಳೆ ಉಚಿತ ಕ್ಷೌರ. ಹುಸಿ ಭರವಸೆ ಕೊಡುವವರನ್ನು ಆಡಿಕೊಳ್ಳಲು ಈ ಮಾತನ್ನು ಇಂದಿಗೂ ಬಳಸುತ್ತಾರೆ.

ಸರಳ ಭವಿಷ್ಯತ್ತನ್ನು ಗಟ್ಟಿ ಮಾಡುವುದು ದಿನಾಂಕ. ‘ಜೋದಿ ಆವಾಂ ದಿಜ್ವಿತ್ ಓರ್’, ಗುರುವಾರ 18 ಗಂಟೆಯ ಒಳಗೆ ಎಂದು ಸೇರಿದ ಕೂಡಲೇ ಅದು ಬರವಣಿಗೆಯಲ್ಲಿ ವರ್ತಮಾನಕ್ಕಿಂತ ಗಂಭೀರವಾದ, ದಾಖಲೆಗೆ ತಕ್ಕ ಮಾತಾಗುತ್ತದೆ. ಕೆಲಸ ಕೆಲವು ದಿನ ಆಚೆ ಇದ್ದರೆ, ನಡುವೆ ಹಂತಗಳಿದ್ದರೆ, ಓದುವವರು ಮೇಲಧಿಕಾರಿಗಳಾಗಿದ್ದರೆ ಭವಿಷ್ಯತ್ತೇ ಒಪ್ಪುತ್ತದೆ. ರಾಜಕಾರಣಿಗಳಿಗೂ ಇದು ಗೊತ್ತು. 2012ರ ಮೇ 2ರಂದು ಅಧ್ಯಕ್ಷ ಚುನಾವಣೆಯ ಟಿ.ವಿ. ಚರ್ಚೆಯಲ್ಲಿ ಫ್ರಾಂಸ್ವಾ ಒಲಾಂದ್ ‘ಮ್ವಾ ಪ್ರೆಜಿದಾಂ ದ ಲಾ ರೆಪ್ಯುಬ್ಲಿಕ್’, ಅಂದರೆ ‘ಗಣರಾಜ್ಯದ ಅಧ್ಯಕ್ಷನಾದ ನಾನು’ ಎಂದು ಮತ್ತೆ ಮತ್ತೆ ಶುರುಮಾಡಿ ಒಂದಾದ ಮೇಲೊಂದು ಭರವಸೆ ಕೊಟ್ಟರು. ‘ಆದರೆ’, ‘ಆಗಿದ್ದರೆ’ಗಳ ಸುಳಿವಿಲ್ಲದೆ ಮುಖ್ಯ ಕ್ರಿಯಾಪದಗಳು ಸರಳ ಭವಿಷ್ಯತ್ತಿನಲ್ಲಿದ್ದವು. ಗೆದ್ದ ಮೇಲೆ ಐದು ವರ್ಷ ಪತ್ರಿಕೆಗಳು ಆ ವಾಕ್ಯಗಳನ್ನೇ ಎತ್ತಿಕೊಂಡು ಅವರನ್ನು ಅಳೆದವು.

ಕರಾರು ಪತ್ರಗಳಲ್ಲಿ ಮಾತ್ರ ಲೆಕ್ಕ ಬೇರೆ. ಫ್ರೆಂಚ್ ಕಾನೂನು ಬರೆಯುವವರ ಸಂಪ್ರದಾಯದಲ್ಲಿ ಕಟ್ಟಳೆ ಹೇಳಲು ವರ್ತಮಾನವೇ ಸಾಕು. ‘ಮಾರುವವನು ಸರಕನ್ನು ಒಪ್ಪಿಸುತ್ತಾನೆ’ ಎಂದರೆ ಒಪ್ಪಿಸಲೇಬೇಕು ಎಂದೇ ಅರ್ಥ. ಅದರ ಜೊತೆಗೆ ಇನ್ನೊಂದು ಹತ್ಯಾರೂ ಇದೆ: ‘ಸಾಂಗಾಜೆ’ ಎಂಬ ಕ್ರಿಯಾಪದ, ತನ್ನನ್ನು ತಾನು ಕಟ್ಟಿಕೊಳ್ಳುವುದು. ‘ನೂ ನೂಜ್ ಆಂಗಾಜೊಂ ಆ ಲಿವ್ರೆ’, ಒಪ್ಪಿಸಲು ನಾವು ಬದ್ಧರಾಗುತ್ತೇವೆ. ಇಲ್ಲಿ ಒಪ್ಪಿಸುವುದು ಮುಂದಿನ ಗುರುವಾರ, ಬದ್ಧರಾಗುವುದು ಇದೀಗ. ಆದ್ದರಿಂದ ಈ ಕ್ರಿಯಾಪದಕ್ಕೆ ಭವಿಷ್ಯತ್ ಹಾಕಿದರೆ ‘ಮುಂದೆ ಎಂದೋ ಬದ್ಧರಾಗುತ್ತೇವೆ’ ಎಂಬ ವಿಚಿತ್ರ ಅರ್ಥ ಬರುತ್ತದೆ. ಮೇಲ್‌ನಲ್ಲಿ ಇದನ್ನು ಮಿತವಾಗಿ ಬಳಸುವುದು ಒಳ್ಳೆಯದು. ಒಂದು ವರದಿ ಕಳಿಸುವುದಕ್ಕೆಲ್ಲ ಪ್ರಮಾಣವಚನ ಬೇಡ.

ಬದ್ಧರಾಗುವುದು ಯಾವುದಕ್ಕೆ ಎಂಬುದರಲ್ಲೂ ಫ್ರೆಂಚರು ಗೆರೆ ಎಳೆಯುತ್ತಾರೆ. ಫಲಿತಾಂಶಕ್ಕೋ ಪ್ರಯತ್ನಕ್ಕೋ? ನ್ಯಾಯಶಾಸ್ತ್ರಜ್ಞ ರನೆ ದಮೋಗ್ 1920ರ ದಶಕದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಮಂಡಿಸಿದರು. 1936ರ ಮೇ 20ರಂದು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೂರ್ ದ ಕಾಸಾಸ್ಯೊಂ, ಮೆರ್ಸಿಯೆ ಪ್ರಕರಣದಲ್ಲಿ ಹೇಳಿದ್ದರ ಸಾರ ಇದು: ವೈದ್ಯ ಒಪ್ಪಿಕೊಳ್ಳುವುದು ಗುಣಪಡಿಸುವುದನ್ನಲ್ಲ, ವಿಜ್ಞಾನಕ್ಕೆ ತಕ್ಕಂತೆ ಎಚ್ಚರದಿಂದ, ಮುತುವರ್ಜಿಯಿಂದ ಚಿಕಿತ್ಸೆ ಕೊಡುವುದನ್ನು. ಈ ಭೇದ ಇಂದು ಸಾಮಾನ್ಯ ಮೇಲ್‌ಗಳಲ್ಲೂ ಕಾಣುತ್ತದೆ. ‘ನೂ ಲಿವ್ರೆರೊಂ ಜೋದಿ’ ಫಲಿತಾಂಶದ ಮಾತು. ‘ನೂ ಮೆತ್ರೊಂ ತೂತಾಂನೋವ್ರ್ ಪೂರ್ ಲಿವ್ರೆ ಜೋದಿ’, ಗುರುವಾರ ಕೊಡಲು ಶಕ್ತಿಮೀರಿ ಯತ್ನಿಸುತ್ತೇವೆ ಎಂಬುದು ಪ್ರಯತ್ನದ ಮಾತು. ಎರಡೂ ಭವಿಷ್ಯತ್ತೇ. ಆದರೆ ಎರಡನೆಯದನ್ನು ಓದಿದ ಅನುಭವಸ್ಥ ಗ್ರಾಹಕ ಶುಕ್ರವಾರದ ಕೆಲಸಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತಾನೆ. ಹಾಗೆಂದು ವ್ಯಾಜ್ಯವಾದರೆ ನ್ಯಾಯಾಲಯ ಒಂದು ಪ್ರತ್ಯಯ ಹಿಡಿದುಕೊಂಡು ತೀರ್ಪು ಕೊಡುವುದಿಲ್ಲ. ಅಲ್ಲಿನ ಸಿವಿಲ್ ಸಂಹಿತೆಯ 1188ನೇ ವಿಧಿ, ಅಕ್ಷರಕ್ಕಿಂತ ಎರಡೂ ಕಡೆಯವರ ಸಮಾನ ಉದ್ದೇಶವನ್ನು ನೋಡು ಎನ್ನುತ್ತದೆ. ಪ್ರತ್ಯಯ ಕೆಡಿಸುವುದು ದಿನನಿತ್ಯದ ನಂಬಿಕೆಯನ್ನು.

ಕೊಂದಿಸ್ಯೊನೆಲ್ ಎಂದರೆ ಓಡಿಹೋಗಬೇಕಾದ ರೂಪ ಎಂದೇನಲ್ಲ. ಭರವಸೆಯ ಆಸುಪಾಸಿನಲ್ಲಿ ಅದಕ್ಕೆ ನ್ಯಾಯವಾದ ಜಾಗಗಳಿವೆ. ಅಂದಾಜು ಹೇಳುವಾಗ ‘ದವ್ರೆ’ ಬೇಕೇ ಬೇಕು: ‘ಲೆ ತೆಸ್ತ್ ದವ್ರೆ ಸ ತೆರ್ಮಿನೆ ವಾಂದ್ರದಿ’, ಪರೀಕ್ಷೆಗಳು ಶುಕ್ರವಾರ ಮುಗಿಯಬೇಕು, ಮುಗಿಯುವ ನಿರೀಕ್ಷೆ ಇದೆ. ಇದು ಮಾತು ಕೊಡುವುದಲ್ಲ, ಇದ್ದದ್ದನ್ನು ಹೇಳುವುದು. ಗೊತ್ತಿಲ್ಲದ್ದನ್ನು ಭವಿಷ್ಯತ್ತಿನಲ್ಲಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದು, ಹಿಂದೆ ಕೊಟ್ಟ ಮಾತನ್ನು ನೆನಪಿಸುವಾಗ. ‘ವೂಜ್ ಆವಿಯೆ ದಿ ಕ ವೂ ಲಿವ್ರೆರಿಯೆ ಜೋದಿ’, ಗುರುವಾರ ಕೊಡುತ್ತೇವೆ ಎಂದು ನೀವು ಹೇಳಿದ್ದಿರಿ. ಇಲ್ಲಿ ಕೊಂದಿಸ್ಯೊನೆಲ್‌ನಲ್ಲಿ ಷರತ್ತೂ ಇಲ್ಲ, ವಿನಯವೂ ಇಲ್ಲ. ಮೊದಲೇ ಹೇಳಿದ ‘ಕೊಡಲಿಕ್ಕೆ ಇತ್ತು’ ಎಂಬ ಹಳೆಯ ಅರ್ಥ ಹಾಗೆಯೇ ಉಳಿದಿದೆ. ಇಂಥ ಮೇಲ್ ಬಂದಾಗ ‘ಎಷ್ಟು ಮೃದುವಾಗಿ ಬರೆದಿದ್ದಾರೆ’ ಎಂದುಕೊಂಡು ಕೂತವರು ಮೋಸ ಹೋಗುತ್ತಾರೆ, ಅದು ದೂರು.

ಮೂರನೆಯದು ಪತ್ರಿಕೆಗಳಿಂದ ಬಂದದ್ದು. ಖಚಿತವಾಗದ ಸುದ್ದಿಗೆ ಫ್ರೆಂಚ್ ಪತ್ರಿಕೆಗಳು ಕೊಂದಿಸ್ಯೊನೆಲ್ ಹಾಕುತ್ತವೆ. ಮಂತ್ರಿ ರಾಜೀನಾಮೆ ಕೊಡುತ್ತಾರಂತೆ ಎನ್ನುವಾಗಿನ ನಮ್ಮ ‘ಅಂತೆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಕಚೇರಿಯಲ್ಲಿ ಇದು ಎಡವಟ್ಟಿಗೆ ದಾರಿ. ಸರ್ವರ್ ನಾಳೆ ರಿಪೇರಿಯಾಗುತ್ತದೆ ಎಂಬ ಅರ್ಥದಲ್ಲಿ ಒಬ್ಬರು ‘ಲ ಸೆರ್ವೋರ್ ಸರೆ ರೆಪಾರೆ ದಮ್ಯಾಂ’ ಎಂದು ಬರೆದರೆ, ಅತ್ತಲಿನವರಿಗೆ ಕೇಳಿಸುವುದು ‘ನಾಳೆ ರಿಪೇರಿಯಾಗುತ್ತದಂತೆ’. ರಿಪೇರಿ ಮಾಡಬೇಕಾದವರೇ ‘ಅಂತೆ’ ಎಂದರೆ ಗ್ರಾಹಕ ಯಾರನ್ನು ಕೇಳಬೇಕು? ಭವಿಷ್ಯತ್ತಿನ ‘ಸರಾ’ ಹಾಕಿದ್ದರೆ ಸಾಕಿತ್ತು.

ಇನ್ನು ನಿಜವಾಗಿಯೂ ಷರತ್ತು ಇದ್ದಾಗ. ಇಲ್ಲಿಯೂ ಕೊಂದಿಸ್ಯೊನೆಲ್ ಬೇಕೆಂದಿಲ್ಲ ಎಂಬುದು ಕಲಿಯುವವರಿಗೆ ಅಚ್ಚರಿ. ಆಗುವ ಸಂಭವವಿರುವ ಷರತ್ತಾದರೆ ‘ಸಿ’ ಎಂಬ ಪದದ ನಂತರ ವರ್ತಮಾನ, ಭರವಸೆಯ ಭಾಗದಲ್ಲಿ ಭವಿಷ್ಯತ್. ‘ಸಿ’ ಹಿಂದೆಯೇ ಭವಿಷ್ಯತ್ ಬರುವಂತಿಲ್ಲ. ಆದರೆ ‘ಬಂದ ಕೂಡಲೇ’ ಎಂಬ ಅರ್ಥದ ‘ದೆ ಕ’ ಬಳಸಿದರೆ ಎರಡೂ ಕಡೆ ಭವಿಷ್ಯತ್ ಹಾಕಬೇಕು. ಮೊದಲನೆಯದರಲ್ಲಿ ಕಡತಗಳು ಬರುವುದೇ ಅನುಮಾನ, ಎರಡನೆಯದರಲ್ಲಿ ಬರುವುದು ಖಚಿತ, ಯಾವಾಗ ಎಂಬುದಷ್ಟೇ ಬಾಕಿ.

ಈಗ ಲಿಯೋಂಗೆ ಹೋಗಬೇಕಿದ್ದ ಮೇಲ್ ಅನ್ನು ಮತ್ತೆ ಬರೆಯಬಹುದು. ಮೊದಲ ವಾಕ್ಯ ವರ್ತಮಾನದಲ್ಲಿ: ‘ನೂ ನೂಜ್ ಒಕ್ಯುಪೊಂ ದ ಲಾನೊಮಾಲಿ ದೆ ಸ ಮಾತ್ಯಾಂ’, ದೋಷದ ಕೆಲಸವನ್ನು ಇಂದು ಬೆಳಗ್ಗೆಯೇ ಕೈಗೆತ್ತಿಕೊಂಡಿದ್ದೇವೆ. ಕೆಲಸ ಶುರುವಾಗಿರುವುದು ನಿಜವಾದ್ದರಿಂದ ಭವಿಷ್ಯತ್ತಿಗೆ ಇಲ್ಲಿ ಕೆಲಸವಿಲ್ಲ. ಎರಡನೆಯದು ಷರತ್ತು ಮತ್ತು ಭರವಸೆ: ‘ಸಿ ವೂ ನೂಜ್ ಆಂವ್ವಾಯೆ ಲೆ ಫಿಶಿಯೆ ಆವಾಂ ಮೆರ್ಕ್ರದಿ ಮಿದಿ, ನೂ ಲಿವ್ರೆರೊಂ ಲಾ ವೆರ್ಸ್ಯೊಂ ಕೊರಿಜೆ ಜೋದಿ ಆವಾಂ ದಿಜ್ವಿತ್ ಓರ್.’ ಬುಧವಾರ ಮಧ್ಯಾಹ್ನದೊಳಗೆ ಕಡತಗಳನ್ನು ಕಳಿಸಿದರೆ ಗುರುವಾರ 18 ಗಂಟೆಯೊಳಗೆ ಕೊಡುತ್ತೇವೆ. ‘ಯಾವ ಷರತ್ತು?’ ಎಂಬ ಪ್ರಶ್ನೆಗೆ ಉತ್ತರ ವಾಕ್ಯದಲ್ಲೇ ಇದೆ. ಗಂಟೆ ಹೇಳುವಾಗ ಯಾವ ದೇಶದ ಗಂಟೆ ಎಂಬುದನ್ನೂ ಬರೆಯಬೇಕು, ಬೇಸಿಗೆಯಲ್ಲಿ ಫ್ರಾನ್ಸಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮೂರನೆಯದು ಪರೀಕ್ಷೆಗಳ ಬಗ್ಗೆ, ‘ದವ್ರೆ’ ಹಾಕಿ, ಅಂದಾಜು ಎಂದು ಕಾಣುವಂತೆ. ಕೊನೆಯದು ಮತ್ತೆ ವರ್ತಮಾನ: ‘ಜ ವೂಜ್ ಆಪೆಲ್ ಜೋದಿ ಮಾತ್ಯಾಂ’, ಗುರುವಾರ ಬೆಳಗ್ಗೆ ಫೋನ್ ಮಾಡುತ್ತೇನೆ.

ಈ ಕೊನೆಯ ವಾಕ್ಯದ ಜಾಗದಲ್ಲಿ ಅನೇಕರು ಹಾಕುವುದು ‘ಜ ರವಿಯಾಂ ವೆರ್ ವೂ’, ನಿಮ್ಮ ಬಳಿ ಮತ್ತೆ ಬರುತ್ತೇನೆ ಎಂಬ ಫ್ರೆಂಚ್ ಕಾರ್ಪೊರೇಟ್ ಮಂತ್ರ. ಅದು ವರ್ತಮಾನದಲ್ಲಿದ್ದರೂ ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ‘ನಾವು’ ಎನ್ನುವ ಬದಲು ಆಡುಮಾತಿನ ‘ಒಂ’ ಬಳಸಿದಾಗಲೂ ಹೀಗೆಯೇ. ‘ಒಂ ಸಾಂನೊಕ್ಯುಪ್’ ಎಂದರೆ ನೋಡಿಕೊಳ್ಳುವವರು ಯಾರೆಂದು ಯಾರಿಗೂ ತಿಳಿಯದು. ಕಾಲ ಸರಿಯಿದ್ದು ಕರ್ತೃ ಕಾಣೆಯಾದ ಭರವಸೆ ಅದು.

ಕೊಟ್ಟ ಗಡುವು ತಪ್ಪುವುದಾದರೆ ಆಗಲೂ ಇದೇ ಆಯ್ಕೆ ಎದುರಾಗುತ್ತದೆ, ಕೈ ಮತ್ತೆ ಕೊಂದಿಸ್ಯೊನೆಲ್ ಕಡೆಗೇ ಜಾರುತ್ತದೆ. ‘ನೂ ನ ಪೂರಿಯೊಂ ಪಾ ಲಿವ್ರೆ ಜೋದಿ’ ಎಂದರೆ ಗುರುವಾರ ಕೊಡಲಾಗಲಿಕ್ಕಿಲ್ಲವೇನೋ ಎಂದಾಯಿತು, ಗ್ರಾಹಕ ಇನ್ನೂ ಆಸೆ ಇಟ್ಟುಕೊಂಡು ಕಾಯುತ್ತಾನೆ. ‘ಪೂರೊಂ’ ಎಂದು ಭವಿಷ್ಯತ್ತಿನಲ್ಲಿ ಹೇಳಿದರೆ ಆಗುವುದಿಲ್ಲ ಎಂಬುದು ಖಚಿತವಾಗುತ್ತದೆ. ಅದರ ಬೆನ್ನಿಗೇ ಹೊಸ ದಿನಾಂಕ ಬರಬೇಕು: ‘ನೂ ಲಿವ್ರೊಂ ಲ್ಯಾಂದಿ ಆ ನೋವೋರ್’, ಸೋಮವಾರ 9 ಗಂಟೆಗೆ ಕೊಡುತ್ತೇವೆ. ಒಮ್ಮೆ ತಪ್ಪಿದ ಮೇಲೆ ಕೊಡುವ ಎರಡನೆಯ ದಿನಾಂಕಕ್ಕೆ, ಕೆಲಸ ಆಗಲೇ ಸಿದ್ಧವಿದ್ದರೆ, ವರ್ತಮಾನವೇ ಸರಿ.